20 ಮೀಟರ್ ಕೇಬಲ್ ಹಾಕಿದ್ರೆ ಸ್ಕ್ವೇರ್ ವೇವ್‌ನಲ್ಲಿ ಮೆಟ್ಟಿಲು ಬರ್ತಿದೆ, ಜನರೇಟರ್ ಕೆಟ್ಟಿದೆಯಾ?

ಲ್ಯಾಬ್_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಇಸಿ ಆರನೇ ಸೆಮಿಸ್ಟರ್. ಲ್ಯಾಬ್ ಸ್ಟೋರ್‌ನಲ್ಲಿ ಆರ್‌ಜಿ-58 ಕೇಬಲ್‌ನ ಒಂದು ಸುರುಳಿ ಸಿಕ್ಕಿತು, ಅಳೆದರೆ 20 ಮೀಟರ್ ಇದೆ, ಎರಡೂ ತುದಿಗೆ ಬಿಎನ್‌ಸಿ ಹಾಕಿದ್ದಾರೆ. ಸುಮ್ನೆ ನೋಡೋಣ ಅಂತ ಫಂಕ್ಷನ್ ಜನರೇಟರ್‌ಗೆ ಒಂದು ಟೀ ಹಾಕಿ, ಟೀಯ ಒಂದು ಕಡೆ ಸ್ಕೋಪ್‌ನ ಚಾನೆಲ್ 1, ಇನ್ನೊಂದು ಕಡೆ ಈ ಸುರುಳಿ ಹಾಕಿದೆ. ಸುರುಳಿಯ ಆಚೆ ತುದಿ ಸ್ಕೋಪ್‌ನ ಚಾನೆಲ್ 2ಕ್ಕೆ. ಸಿಗ್ನಲ್ 100 ಕಿಲೋಹರ್ಟ್ಸ್ ಸ್ಕ್ವೇರ್ ವೇವ್, ಏನೂ ಜೋಡಿಸದಿದ್ದಾಗ 0ಯಿಂದ 5 ವೋಲ್ಟ್.

ಟೈಮ್‌ಬೇಸ್ ಹಿಗ್ಗಿಸಿ ನೋಡಿದರೆ ಚಾನೆಲ್ 1ರಲ್ಲಿ ಸಿಗ್ನಲ್ ನೇರವಾಗಿ 5ಕ್ಕೆ ಏರೋದಿಲ್ಲ. ಮೊದಲು 2.5ಕ್ಕೆ ಏರುತ್ತೆ, ಅಲ್ಲಿ ಸುಮಾರು 200 ನ್ಯಾನೋಸೆಕೆಂಡ್ ಮಟ್ಟಸವಾಗಿ ನಿಲ್ಲುತ್ತೆ, ಆಮೇಲೆ 5ಕ್ಕೆ ಹೋಗುತ್ತೆ. ಇಳಿಯುವಾಗಲೂ ಹಾಗೇ. ಆದರೆ ತಮಾಷೆ ಅಂದ್ರೆ ಚಾನೆಲ್ 2, ಅಂದ್ರೆ ದೂರದ ತುದಿ, ಚೆನ್ನಾಗೇ ಇದೆ. ಅಲ್ಲಿ ಮೆಟ್ಟಿಲೇ ಇಲ್ಲ, 100 ನ್ಯಾನೋಸೆಕೆಂಡ್ ತಡವಾಗಿ ಒಂದೇ ಏಟಿಗೆ 5 ವೋಲ್ಟ್. ಜನರೇಟರ್ ಹತ್ತಿರ ಕೆಟ್ಟ ಸಿಗ್ನಲ್, ದೂರದಲ್ಲಿ ಒಳ್ಳೆ ಸಿಗ್ನಲ್, ಇದು ಹೇಗೆ? ಜನರೇಟರ್ ಹೋಗಿದೆಯಾ?

ಗಣಿತಪ್ರಿಯ

ಜನರೇಟರ್ ಕೆಟ್ಟಿಲ್ಲ. ಕೇಬಲ್ ಅಂದ್ರೆ ಒಂದು ಕೆಪ್ಯಾಸಿಟರ್ ಅಷ್ಟೇ. ಆರ್‌ಜಿ-58 ಮೀಟರ್‌ಗೆ ಸುಮಾರು 100 ಪಿಕೋಫ್ಯಾರಡ್, 20 ಮೀಟರ್‌ಗೆ 2000. ಜನರೇಟರ್ ಒಳಗಿನ 50 ಓಮ್ಸ್ ಮೂಲಕ ಅದು ಚಾರ್ಜ್ ಆಗ್ತಿದೆ, ಟೈಮ್ ಕಾನ್‌ಸ್ಟಂಟ್ 100 ನ್ಯಾನೋಸೆಕೆಂಡ್. ಅಷ್ಟಕ್ಕೂ 100 ಕಿಲೋಹರ್ಟ್ಸ್‌ಗೆ ಈ ಕೇಬಲ್‌ನಲ್ಲಿ ತರಂಗದ ಉದ್ದ 2 ಕಿಲೋಮೀಟರ್. 20 ಮೀಟರ್ ಅದರ ನೂರರಲ್ಲಿ ಒಂದು ಪಾಲು. ಹಾಗಿರುವಾಗ ತರಂಗ, ಪ್ರತಿಫಲನ ಎಲ್ಲಾ ಇಲ್ಲಿಗೆ ತರೋದು ಬೇಡ.

ಕೇಬಲ್_ಮಂಜ

ತಮ್ಮಾ, ಅದು ಬಿಎನ್‌ಸಿ ಕ್ರಿಂಪ್ ಸರಿ ಇರಲ್ಲ ನೋಡು. ನಾನು ಇಪ್ಪತ್ತು ವರ್ಷದಿಂದ ಮನೆಮನೆಗೆ ಕೇಬಲ್ ಎಳೀತಿದ್ದೀನಿ, ನೂರಕ್ಕೆ ತೊಂಬತ್ತು ಕಂಪ್ಲೇಂಟ್ ಕನೆಕ್ಟರ್‌ದೇ. ಒಂದು ಸಲ ಕಿತ್ತು ಬೇರೆ ಹಾಕು.

ಹಳೇತಂತಿ

ಕನೆಕ್ಟರ್ ಕೀಳಬೇಡಿ, ಜನರೇಟರ್ ಬಿಚ್ಚಲೂಬೇಡಿ. ಎರಡೂ ಸರಿ ಇವೆ. ನಿಮಗೆ ಸಿಕ್ಕಿರೋದು ಪಾಠದಲ್ಲಿ ಬರೋ ಚಿತ್ರಕ್ಕಿಂತ ಅಚ್ಚುಕಟ್ಟಾದ ಚಿತ್ರ. ನಾನು ಕೆಲಸದಲ್ಲಿದ್ದಾಗ ನೆಲದಡಿಯ ಕೇಬಲ್‌ಗಳಲ್ಲಿ ಫಾಲ್ಟ್ ಹುಡುಕ್ತಿದ್ದದ್ದೇ ಈ ಮೆಟ್ಟಿಲು ನೋಡಿಕೊಂಡು.

ಒಂದೇ ವಿಷಯ ಗಟ್ಟಿ ಹಿಡಿದುಕೊಳ್ಳಿ. ವೋಲ್ಟೇಜ್ ಹೊರಟ ಆ ಗಳಿಗೆಯಲ್ಲಿ ಕೇಬಲ್‌ನ ಆಚೆ ತುದಿಯಲ್ಲಿ ಏನಿದೆ ಅಂತ ಜನರೇಟರ್‌ಗೆ ಗೊತ್ತಿಲ್ಲ. ಗೊತ್ತಾಗೋಕೆ ಸಾಧ್ಯವೂ ಇಲ್ಲ, ಯಾಕಂದ್ರೆ ಸುದ್ದಿ ಹೋಗಿ ಬರಬೇಕಲ್ಲ. ಈ ಕೇಬಲ್‌ನಲ್ಲಿ ಅಲೆ ಒಂದು ಮೀಟರ್ ಹೋಗೋಕೆ 5 ನ್ಯಾನೋಸೆಕೆಂಡ್ ಬೇಕು. 20 ಮೀಟರ್ ಹೋಗೋಕೆ 100, ಹೋಗಿ ಬರೋಕೆ 200. ಆ 200 ನ್ಯಾನೋಸೆಕೆಂಡ್ ತನಕ ನೀವು ಆಚೆ ತುದಿಯನ್ನು ತೆರೆದಿಡಿ, ಶಾರ್ಟ್ ಮಾಡಿ, ಅಲ್ಲಿ ರೇಡಿಯೋ ಕಟ್ಟಿ, ಜನರೇಟರ್‌ಗೆ ಎಲ್ಲಾ ಒಂದೇ. ಅದಕ್ಕೆ ಕಾಣೋದು 50 ಓಮ್ಸ್ ರೆಸಿಸ್ಟರ್ ಮಾತ್ರ. ಅದರ ಒಳಗೂ 50, ಮುಂದೆಯೂ 50, ಹಾಗಾಗಿ 5 ವೋಲ್ಟ್ ಸಮನಾಗಿ ಹಂಚಿ 2.5 ಆಯ್ತು. ಮೆಟ್ಟಿಲು ಅಂದ್ರೆ ಅದೇ.

ಆ 2.5 ವೋಲ್ಟ್ ಅಲೆ ಆಚೆ ತುದಿ ತಲುಪಿದಾಗ ಅಲ್ಲಿ ಸ್ಕೋಪ್‌ನ 1 ಮೆಗಾಓಮ್. 50ರ ಪಕ್ಕದಲ್ಲಿ ಅದು ತೆರೆದ ಬಾಗಿಲೇ ಸರಿ. ಅಲೆಯ ಜೊತೆ ಬಂದ ಕರೆಂಟಿಗೆ ಮುಂದೆ ದಾರಿ ಇಲ್ಲ. ಅಲ್ಲಿ ಕರೆಂಟ್ ಸೊನ್ನೆ ಆಗಬೇಕು ಅಂದ್ರೆ ಅಷ್ಟೇ ಎತ್ತರದ ಇನ್ನೊಂದು ಅಲೆ ಹುಟ್ಟಿ ವಾಪಸ್ ಹೊರಡಬೇಕು. ಬಂದದ್ದು 2.5, ಹೊರಟದ್ದು 2.5, ಅಲ್ಲಿ ಎರಡೂ ಸೇರಿ 5. ಅದಕ್ಕೇ ದೂರದ ತುದಿಯಲ್ಲಿ ಮೆಟ್ಟಿಲಿಲ್ಲ, ಅಲೆ ಬರೋದೂ ತಿರುಗೋದೂ ಅಲ್ಲಿ ಒಂದೇ ಕ್ಷಣ. ತಿರುಗಿದ ಅಲೆ ನಿಮ್ಮ ಟೀ ಹತ್ತಿರ ಬಂದಾಗ ಇಲ್ಲೂ 5 ಆಗುತ್ತೆ. ಜನರೇಟರ್ ಒಳಗಿನ 50 ಓಮ್ಸ್ ಆ ಅಲೆಯನ್ನು ಪೂರ್ತಿ ನುಂಗಿಕೊಳ್ಳುತ್ತೆ, ಕಥೆ ಅಲ್ಲಿಗೆ ಮುಗಿಯುತ್ತೆ.

ನಂಬಿಕೆ ಬರದಿದ್ರೆ ಚಾನೆಲ್ 2ರ ಹತ್ತಿರ ಇನ್ನೊಂದು ಟೀ ಹಾಕಿ 50 ಓಮ್ಸ್ ಟರ್ಮಿನೇಟರ್ ಸಿಕ್ಕಿಸಿ ನೋಡಿ.

ಲ್ಯಾಬ್_ಹುಡುಗ

ಸರ್, ಹಾಕಿದೆ. ಮೆಟ್ಟಿಲು ಮಾಯ! ಆದರೆ ಎರಡೂ ಚಾನೆಲ್‌ನಲ್ಲಿ 2.5 ವೋಲ್ಟೇ ಉಳಿಯಿತು, 5ಕ್ಕೆ ಏರಲೇ ಇಲ್ಲ. ಇದು ನಷ್ಟ ಅಲ್ವಾ?

ಹಳೇತಂತಿ

ನಷ್ಟ ಅಲ್ಲ, ಹಂಚಿಕೆ. ಬಂದ ಅಲೆಗೆ ಆಚೆ ತುದಿಯಲ್ಲೂ ಕೇಬಲ್ ಮುಂದುವರಿದ ಹಾಗೇ ಕಾಣಿಸಿತು, ತಿರುಗೋಕೆ ಕಾರಣವೇ ಇಲ್ಲ. ಎಷ್ಟು ತಿರುಗುತ್ತೆ ಅನ್ನೋ ಲೆಕ್ಕ ಇಷ್ಟೇ:

```
ρ = (ZL - Z0) / (ZL + Z0)
```

Z0 ಅಂದ್ರೆ ಅಲೆಗೆ ಕಾಣುವ ಕೇಬಲ್‌ನ ಇಂಪೀಡನ್ಸ್, ಇಲ್ಲಿ 50; ZL ತುದಿಯಲ್ಲಿ ಇಟ್ಟದ್ದರದು. ಮಂಜಣ್ಣನ ಹತ್ತಿರ 75 ಓಮ್ಸ್ ಟರ್ಮಿನೇಟರ್ ಇರುತ್ತೆ, ಅದು ಸಿಕ್ಕರೆ ಹಾಕಿ. 25ನ್ನು 125ರಿಂದ ಭಾಗಿಸಿದ್ರೆ 0.2. ಅಂದ್ರೆ 2.5ರ ಐದನೇ ಒಂದು ಪಾಲು, 0.5 ವೋಲ್ಟ್ ತಿರುಗಿ ಬರುತ್ತೆ. 200 ನ್ಯಾನೋಸೆಕೆಂಡ್ ಆದಮೇಲೆ ನಿಮ್ಮ ಮೆಟ್ಟಿಲು 3.0ಕ್ಕೆ ಏರಬೇಕು. ಶಾರ್ಟ್ ಮಾಡಿದ್ರೆ ಪೂರ್ತಿ ತಲೆಕೆಳಗಾಗಿ ಬರುತ್ತೆ, 2.5 ಹೋಗಿ ಸೊನ್ನೆ ಆಗುತ್ತೆ. ಮೆಟ್ಟಿಲಿನ ಎತ್ತರ ನೋಡಿಯೇ ಆಚೆ ತುದಿಯಲ್ಲಿ ಏನಿದೆ ಅಂತ ಹೇಳಬಹುದು, ಅದರ ಉದ್ದ ನೋಡಿ ಎಷ್ಟು ದೂರದಲ್ಲಿದೆ ಅಂತ ಹೇಳಬಹುದು.

ಗಣಿತಪ್ರಿಯ

ಒಪ್ಪೋಣ. ಆದರೆ ನನ್ನ ಲೆಕ್ಕ ಎಲ್ಲಿ ತಪ್ಪಿತು? 2000 ಪಿಕೋಫ್ಯಾರಡ್ ಇರೋದು ನಿಜ ತಾನೇ? ಎಲ್‌ಸಿಆರ್ ಮೀಟರ್ ಇಟ್ಟರೆ ಅಷ್ಟೇ ತೋರಿಸುತ್ತೆ.

ಸವಿತಾ_ಇಸಿ

ನಿಮ್ಮ ಲೆಕ್ಕ ಅರ್ಧ ಸರಿ ಇದೆ, ಆ ಅರ್ಧ ತುಂಬಾ ಚೆನ್ನಾಗಿದೆ. ಪಾಠ ಮಾಡುವಾಗ ನಾನು ಇದನ್ನೇ ಮೊದಲು ಬರೆಸ್ತೀನಿ.

ಮೆಟ್ಟಿಲು ನಿಂತಿರುವಾಗ ಕೇಬಲ್ ಒಳಗೆ ಎಷ್ಟು ಕರೆಂಟ್ ಹೋಗ್ತಿದೆ ನೋಡಿ. 2.5 ವೋಲ್ಟ್, 50 ಓಮ್ಸ್, ಅಂದ್ರೆ 50 ಮಿಲಿಆಂಪ್. ಎಷ್ಟು ಹೊತ್ತು? 200 ನ್ಯಾನೋಸೆಕೆಂಡ್. ಗುಣಿಸಿದ್ರೆ 10 ನ್ಯಾನೋಕೂಲಂಬ್. ಈಗ ನಿಮ್ಮ ಕೆಪ್ಯಾಸಿಟರ್ ತಗೊಳ್ಳಿ. 2000 ಪಿಕೋಫ್ಯಾರಡ್‌ಗೆ 5 ವೋಲ್ಟ್ ತುಂಬಲು ಎಷ್ಟು ಚಾರ್ಜ್ ಬೇಕು? 10 ನ್ಯಾನೋಕೂಲಂಬ್. ಕರಾರುವಾಕ್ಕಾಗಿ ಒಂದೇ.

ಅಂದ್ರೆ ಕೇಬಲ್ ಕೆಪ್ಯಾಸಿಟರ್ ಆಗಿ ತುಂಬಿಕೊಳ್ತಿರೋದು ನಿಜ. ತುಂಬುವ ರೀತಿ ಬೇರೆ. ನಿಮ್ಮ ಲೆಕ್ಕದಲ್ಲಿ 20 ಮೀಟರ್ ಪೂರ್ತಿ ಒಟ್ಟಿಗೆ ತುಂಬುತ್ತೆ, ಹಾಗಾಗಿ ವೋಲ್ಟೇಜ್ ಬಾಗಿ ಏರಬೇಕಿತ್ತು, ಕರೆಂಟ್ 100 ಮಿಲಿಆಂಪ್‌ನಲ್ಲಿ ಶುರುವಾಗಿ ಇಳಿಯಬೇಕಿತ್ತು. ನಿಜದಲ್ಲಿ ಕೇಬಲ್ ತುಂಡು ತುಂಡಾಗಿ ತುಂಬುತ್ತೆ. ಪ್ರತಿ ತುಂಡಿಗೂ ಒಂದಷ್ಟು ಇಂಡಕ್ಟನ್ಸ್ ಇದೆ, ಮೀಟರ್‌ಗೆ 250 ನ್ಯಾನೋಹೆನ್ರಿ. ಅದು ಮುಂದಿನ ತುಂಡಿಗೆ ಕರೆಂಟ್ ಒಮ್ಮೆಲೇ ನುಗ್ಗದ ಹಾಗೆ ತಡೆಯುತ್ತೆ. ಹೋಗುವಾಗ ಪ್ರತಿ ಮೀಟರೂ 2.5 ತನಕ ತುಂಬುತ್ತೆ, ಬರುವಾಗ ಉಳಿದ 2.5 ತುಂಬುತ್ತೆ. 50 ಅನ್ನೋ ಸಂಖ್ಯೆ ಹುಟ್ಟೋದು ಈ ಎರಡರಿಂದಲೇ:

```
Z0 = sqrt(L/C) = sqrt(250e-9 / 100e-12) = 50
v  = 1/sqrt(L*C) = 2e8 m/s
```

ಹಾಗಾಗಿ ಇದು ತಂತಿಯ ರೆಸಿಸ್ಟನ್ಸ್ ಅಲ್ಲ. ಹುಡುಗರು ಪ್ರತಿ ವರ್ಷ ಮಲ್ಟಿಮೀಟರ್ ತಂದು ಕೇಬಲ್‌ಗೆ ಹಿಡಿದು "ಮೇಡಂ, 50 ತೋರಿಸ್ತಿಲ್ಲ" ಅಂತಾರೆ. ಮೀಟರ್ ಒಂದು ಓದು ಕೊಡುವಷ್ಟರಲ್ಲಿ ಅಲೆ ಸಾವಿರಾರು ಸಲ ಹೋಗಿ ಬಂದಿರುತ್ತೆ, ಅದಕ್ಕೆ ತುದಿ ತೆರೆದಿರೋದು ಮಾತ್ರ ಕಾಣುತ್ತೆ. ಕೊನೆಯೇ ಇಲ್ಲದ, ನಷ್ಟವೂ ಇಲ್ಲದ ಕೇಬಲ್ ಇದ್ದಿದ್ರೆ ಮೀಟರೂ 50 ಅಂತಲೇ ಹೇಳ್ತಿತ್ತು.

2 ಕಿಲೋಮೀಟರ್ ತರಂಗದ ಮಾತಿಗೆ: ಅದು ಸೈನ್ ವೇವ್‌ಗೆ ಸರಿ. ಸ್ಕ್ವೇರ್ ವೇವ್‌ನಲ್ಲಿ ನೋಡಬೇಕಾದ್ದು ಅಂಚು ಎಷ್ಟು ಬೇಗ ಏರುತ್ತೆ ಅನ್ನೋದನ್ನ. ಅವರ ಜನರೇಟರ್ 20 ನ್ಯಾನೋಸೆಕೆಂಡ್‌ನಲ್ಲಿ ಏರಿದ್ರೆ ಅಷ್ಟರಲ್ಲಿ ಅಲೆ 4 ಮೀಟರ್ ಮಾತ್ರ ಹೋಗಿರುತ್ತೆ, ಇನ್ನೂ 16 ಮೀಟರ್ ಬಾಕಿ. ದಿನಾ ಬಳಸುವ 1 ಮೀಟರ್ ಕೇಬಲ್‌ನಲ್ಲಿ ಮೆಟ್ಟಿಲು ಯಾಕೆ ಕಾಣಲ್ಲ ಅಂದ್ರೆ ಅಲ್ಲಿ ಹೋಗಿ ಬರೋಕೆ 10 ನ್ಯಾನೋಸೆಕೆಂಡ್ ಸಾಕು. ಅಂಚು ಇನ್ನೂ ಏರ್ತಿರುವಾಗಲೇ ಪ್ರತಿಫಲನ ವಾಪಸ್ ಬಂದು ಅದರಲ್ಲೇ ಸೇರಿಹೋಗಿರುತ್ತೆ.

ಗಣಿತಪ್ರಿಯ

10 ನ್ಯಾನೋಕೂಲಂಬ್ ನೋಡಿ ಬಾಯಿ ಮುಚ್ಚಿಕೊಂಡೆ. ಚೆನ್ನಾಗಿದೆ.

ಹಳೇತಂತಿ

ಬೇಜಾರು ಮಾಡ್ಕೋಬೇಡಿ, ನಿಮಗೆ ದೊಡ್ಡವರ ಜೊತೆ ಇದೆ. ಅಟ್ಲಾಂಟಿಕ್ ಸಮುದ್ರದಡಿ ಟೆಲಿಗ್ರಾಫ್ ಕೇಬಲ್ ಹಾಕುವ ಮುಂಚೆ ವಿಲಿಯಂ ಥಾಮ್ಸನ್ 1850ರ ದಶಕದಲ್ಲಿ ಲೆಕ್ಕ ಹಾಕಿದ್ದು ರೆಸಿಸ್ಟನ್ಸ್ ಮತ್ತು ಕೆಪ್ಯಾಸಿಟನ್ಸ್ ಎರಡನ್ನೇ ಇಟ್ಟುಕೊಂಡು. ಅಷ್ಟು ಉದ್ದದ, ಅಷ್ಟು ನಿಧಾನದ ಕೇಬಲ್‌ಗೆ ಅದು ಸಾಕಾಗಿತ್ತು. ಇಂಡಕ್ಟನ್ಸ್ ಸೇರಿಸಿ ಇದನ್ನು ಅಲೆಯ ಲೆಕ್ಕ ಮಾಡಿದ್ದು ಆಲಿವರ್ ಹೆವಿಸೈಡ್, ಅದೂ ಹಲವು ವರ್ಷ ಆದಮೇಲೆ.

ಲ್ಯಾಬ್_ಹುಡುಗ

ನಮ್ಮದು ಮಂಡ್ಯ ಕಡೆ. ನಾಲೆಗೆ ನೀರು ಬಿಟ್ಟಾಗ ಮುಂದೆ ತೂಬು ಮುಚ್ಚಿದ್ರೆ, ನೀರು ಅಲ್ಲಿಗೆ ಹೋಗಿ ಬಡಿದು ಮಟ್ಟ ಏರುತ್ತೆ, ಆ ಏರು ಹಿಂದಕ್ಕೆ ಬರ್ತಾ ಬರುತ್ತೆ. ಚಿಕ್ಕವನಿದ್ದಾಗ ಏರಿ ಮೇಲೆ ಕೂತು ನೋಡ್ತಿದ್ದೆ. ಇದೂ ಹಾಗೇನಾ ಸರ್?

ಹಳೇತಂತಿ

ಹಾಗೇ. ತೂಬು ಮುಚ್ಚಿದೆ ಅಂತ ಮೇಲಿನ ಡ್ಯಾಮಿನವರಿಗೆ ಗೊತ್ತಾಗೋದು ಆ ಏರು ವಾಪಸ್ ಬಂದ ಮೇಲೇ. ಹೋಲಿಕೆ ಇಲ್ಲಿಗೇ ಬಿಡಿ, ಇನ್ನೂ ಎಳೆದರೆ ಹರಿಯುತ್ತೆ.

ಮಲೆನಾಡು_ಆಂಟೆನಾ

ನಾನು ಹ್ಯಾಮ್, ಹವ್ಯಾಸಕ್ಕೆ ರೇಡಿಯೋ ನಡೆಸುವವ. ಮಾರಾಯ್ರೆ, ಇಷ್ಟೆಲ್ಲಾ ಲೆಕ್ಕ ಯಾಕೆ? ಆಂಟೆನಾದಿಂದ ಎಷ್ಟು ತಿರುಗಿ ಬರ್ತದೆ ಅಂತ ತೋರಿಸುವ ಎಸ್‌ಡಬ್ಲ್ಯೂಆರ್ ಮೀಟರ್ ಇಡಿ, 1.5ಕ್ಕಿಂತ ಮೇಲೆ ಬಂದ್ರೆ ಕೇಬಲ್‌ನ ಒಂದೊಂದು ಅಡಿ ಕತ್ತರಿಸ್ತಾ ಬನ್ನಿ, ಸರಿಯಾದ ಉದ್ದ ಸಿಕ್ಕಾಗ ಎಸ್‌ಡಬ್ಲ್ಯೂಆರ್ ಇಳಿಯುತ್ತೆ. ನಾನು ಮಾಡಿದ್ದೇನೆ. ತಿರುಗಿ ಬಂದ ಪವರ್ ಎಲ್ಲಾ ಟ್ರಾನ್ಸ್‌ಮಿಟರ್ ಒಳಗೆ ಶಾಖ ಆಗಿ ಫೈನಲ್, ಅಂದ್ರೆ ಕೊನೆಯ ಪವರ್ ಟ್ರಾನ್ಸಿಸ್ಟರ್, ಸುಡುತ್ತೆ, ಅದಕ್ಕೆ ಈ ಎಚ್ಚರಿಕೆ.

ಹಳೇತಂತಿ

ಕೇಬಲ್ ಕತ್ತರಿಸಿದ್ರೆ ಎಸ್‌ಡಬ್ಲ್ಯೂಆರ್ ಬದಲಾಗೋ ಹಾಗಿಲ್ಲ. ತಿರುಗಿ ಬರುವ ಪಾಲನ್ನು ತೀರ್ಮಾನ ಮಾಡೋದು ಆಂಟೆನಾ ಮತ್ತು ಕೇಬಲ್‌ನ Z0 ಎರಡೇ, ಉದ್ದ ಅಲ್ಲ. 75ರ ಆಂಟೆನಾ 50ರ ಕೇಬಲ್‌ಗೆ ಹಾಕಿದ್ರೆ 1.5. 3 ಮೀಟರ್ ಆದ್ರೂ 1.5, 30 ಮೀಟರ್ ಆದ್ರೂ ಅಷ್ಟೇ, ನಷ್ಟ ಇದ್ದಷ್ಟು ಸ್ವಲ್ಪ ಕಡಿಮೆ ತೋರಿಸುತ್ತೆ ಅಷ್ಟೇ. ಉದ್ದದ ಜೊತೆ ಬದಲಾಗೋದು ಟ್ರಾನ್ಸ್‌ಮಿಟರ್‌ಗೆ ಕಾಣುವ ಇಂಪೀಡನ್ಸ್. ಅದು ಒಂದು ಉದ್ದದಲ್ಲಿ 75, ಅಲ್ಲಿಂದ ಕಾಲು ತರಂಗ ಸರಿದ್ರೆ 33. ಕೆಲವು ಟ್ರಾನ್ಸ್‌ಮಿಟರ್‌ಗೆ ಒಂದು ಹಿಡಿಸುತ್ತೆ, ಇನ್ನೊಂದು ಹಿಡಿಸಲ್ಲ. ನಿಮಗೆ ಆಗಿರೋ ಲಾಭ ಅದು ಇರಬಹುದು.

1.5ರಲ್ಲಿ ತಿರುಗಿ ಬರುವ ಪವರ್ 0.2ರ ವರ್ಗ, ಅಂದ್ರೆ ನೂರಕ್ಕೆ 4. ಅದಕ್ಕೆ ಯಾವ ಫೈನಲೂ ಸುಡಲ್ಲ. ಮತ್ತೆ, ತಿರುಗಿದ ಪವರ್ ಪೂರ್ತಿ ಶಾಖ ಆಗಲೇಬೇಕು ಅಂತಿಲ್ಲ, ಟ್ಯೂನರ್ ಇದ್ದರೆ ಅದು ಮತ್ತೆ ಆಂಟೆನಾ ಕಡೆಗೇ ಹೋಗುತ್ತೆ.

ಮಲೆನಾಡು_ಆಂಟೆನಾ

ನನ್ನ ಮೀಟರ್‌ನಲ್ಲಿ ಮುಳ್ಳು ಇಳಿದದ್ದು ಕಣ್ಣಾರೆ ನೋಡಿದ್ದೇನೆ. 2.2 ಇದ್ದದ್ದು 1.4 ಆಯ್ತು. ಪುಸ್ತಕ ಒಂದು, ಗುಡ್ಡದ ಮೇಲಿನ ಆಂಟೆನಾ ಇನ್ನೊಂದು.

ಸವಿತಾ_ಇಸಿ

ನೋಡಿರೋದು ಸುಳ್ಳಲ್ಲ ಅನ್ನಿಸುತ್ತೆ. ಬ್ಯಾಲನ್ ಇಲ್ಲದೆ ಡೈಪೋಲ್‌ಗೆ ನೇರ ಕೋಕ್ಸ್ ಕಟ್ಟಿದ್ದೀರಾ? ಹಾಗಿದ್ರೆ ಶೀಲ್ಡ್‌ನ ಹೊರಮೈ ಮೇಲೂ ಕರೆಂಟ್ ಹರಿಯುತ್ತೆ, ಆಗ ಕೇಬಲೇ ಆಂಟೆನಾದ ಒಂದು ಭಾಗ. ಕತ್ತರಿಸಿದ್ರೆ ನೀವು ಆಂಟೆನಾವನ್ನೇ ಕತ್ತರಿಸಿದ ಹಾಗೆ, ಮುಳ್ಳು ಬದಲಾಗಲೇಬೇಕು.

ಮಲೆನಾಡು_ಆಂಟೆನಾ

ಬ್ಯಾಲನ್ ಇಲ್ಲ. ಮಳೆ ನಿಂತ ಮೇಲೆ ಹಾಕಿ ನೋಡ್ತೇನೆ. ಸದ್ಯಕ್ಕೆ ನನ್ನ ಮಾತು ವಾಪಸ್ ತಗೊಳ್ಳಲ್ಲ.

ಕೇಬಲ್_ಮಂಜ

ಹಳೇ ಟಿವಿಯಲ್ಲಿ ಒಬ್ಬ ಮನುಷ್ಯನ ಪಕ್ಕ ಅವನದೇ ನೆರಳು ನಿಂತ ಹಾಗೆ ಬರ್ತಿತ್ತಲ್ಲ, ಅದೂ ಇದೇನಾ? ನಾವು ಸ್ಪ್ಲಿಟರ್ ಖಾಲಿ ಬಿಟ್ಟ ಕಡೆ 75 ಓಮ್ಸ್ ಕ್ಯಾಪ್ ಹಾಕ್ತಿದ್ವಿ, ಯಾಕೆ ಅಂತ ಯಾರೂ ಹೇಳಿರ್ಲಿಲ್ಲ, ಹಾಕಿ ಅಂದ್ರು ಹಾಕಿದ್ವಿ.

ಹಳೇತಂತಿ

ಮಂಜಣ್ಣ, ಒಳ್ಳೆ ಪ್ರಶ್ನೆ. ಹಳೇ ಟಿವಿಯಲ್ಲಿ ಒಂದು ಗೆರೆಯ ಕಾಣುವ ಭಾಗ 52 ಮೈಕ್ರೋಸೆಕೆಂಡ್. ಪರದೆ ಅರ್ಧ ಮೀಟರ್ ಅಗಲ ಅಂದ್ಕೊಳ್ಳಿ. ಹತ್ತಿರ ಹತ್ತಿರ 1 ಸೆಂಟಿಮೀಟರ್‌ಗೆ 1 ಮೈಕ್ರೋಸೆಕೆಂಡ್. ಈ ಹುಡುಗನ 20 ಮೀಟರ್ ಕೇಬಲ್‌ನಲ್ಲಿ ಹೋಗಿ ಬರುವ ತಡ 0.2 ಮೈಕ್ರೋಸೆಕೆಂಡ್, ಪರದೆ ಮೇಲೆ 2 ಮಿಲಿಮೀಟರ್. ಅದು ನೆರಳಾಗಿ ಕಾಣಲ್ಲ, ಅಕ್ಷರದ ಅಂಚು ಮಸುಕಾದ ಹಾಗೆ ಕಾಣುತ್ತೆ. ಮನುಷ್ಯನ ಪಕ್ಕದಲ್ಲಿ 3 ಸೆಂಟಿಮೀಟರ್ ದೂರ ನೆರಳು ನಿಂತಿದ್ರೆ ತಡ 3 ಮೈಕ್ರೋಸೆಕೆಂಡ್, ಗಾಳಿಯಲ್ಲಿ ಅದು 900 ಮೀಟರ್ ಸುತ್ತು ದಾರಿ. ಅದು ಕೇಬಲ್‌ದಲ್ಲ, ಯಾವುದೋ ಗುಡ್ಡಕ್ಕೋ ಕಟ್ಟಡಕ್ಕೋ ಬಡಿದು ಆಂಟೆನಾಗೆ ಬಂದದ್ದು.

ಕೇಬಲ್_ಮಂಜ

ಅಯ್ಯೋ, ಆ ಕಾಲದಲ್ಲಿ ನೆರಳು ಬಂದ್ರೆ ಎಷ್ಟು ಮನೆ ಕೇಬಲ್ ಬದಲಾಯಿಸಿ ದುಡ್ಡು ತಗೊಂಡಿದ್ದೀನಿ ಗೊತ್ತಾ ಸರ್.

ಲ್ಯಾಬ್_ಹುಡುಗ

ಒಂದು ಹೊಸ ಸಮಸ್ಯೆ. ಅಂಚು ಇನ್ನೂ ಬೇಗ ಏರಲಿ ಅಂತ 74ಎಸಿ14 ಚಿಪ್‌ನಲ್ಲಿ ಸಣ್ಣ ಸರ್ಕ್ಯೂಟ್ ಮಾಡಿದೆ. ಒಂದು ಗೇಟ್ ಆಸಿಲೇಟರ್, ಉಳಿದ ಐದು ಗೇಟ್‌ಗಳ ಔಟ್‌ಪುಟ್ ಒಟ್ಟಿಗೆ ಕಟ್ಟಿ ನೇರವಾಗಿ ಕೇಬಲ್‌ಗೆ. ಸಪ್ಲೈ 5 ವೋಲ್ಟ್. ಟರ್ಮಿನೇಟರ್ ತೆಗೆದಿದ್ದೆ. ಚಾನೆಲ್ 2ರಲ್ಲಿ ನೋಡಿ, 8 ವೋಲ್ಟ್ ಚಿಲ್ಲರೆ ಬಂತು! ಆಮೇಲೆ 3ರ ಹತ್ತಿರ ಇಳಿಯಿತು, ಮತ್ತೆ ಆರೂವರೆ, ಮತ್ತೆ 4, ಹೀಗೆ ಕುಣಿದು ಕುಣಿದು 5ಕ್ಕೆ ನಿಂತಿತು. ಒಂದು ಕುಣಿತಕ್ಕೆ 400 ನ್ಯಾನೋಸೆಕೆಂಡ್. 5 ವೋಲ್ಟ್ ಕೊಟ್ಟರೆ 8 ಎಲ್ಲಿಂದ ಬಂತು?

ಸವಿತಾ_ಇಸಿ

ಈಗ ಎರಡೂ ತುದಿ ಹೊಂದಾಣಿಕೆ ಇಲ್ಲ, ಅದಕ್ಕೆ. ನಿಮ್ಮ ಫಂಕ್ಷನ್ ಜನರೇಟರ್ ಒಳಗೆ 50 ಇತ್ತು, ವಾಪಸ್ ಬಂದದ್ದನ್ನು ನುಂಗಿಕೊಂಡಿತು. ಚಿಪ್ ಒಳಗೆ ಅಷ್ಟಿಲ್ಲ. ಲೆಕ್ಕಕ್ಕೆ 10 ಓಮ್ಸ್ ಅಂದ್ಕೊಳ್ಳೋಣ.

ಹೊರಡುವಾಗ 5 ವೋಲ್ಟ್, 10 ಮತ್ತು 50ರ ನಡುವೆ ಹಂಚಿಕೆ ಆಗುತ್ತೆ, ಕೇಬಲ್‌ಗೆ ಹೋಗೋದು 4.17. ತೆರೆದ ತುದಿಯಲ್ಲಿ ಅದು ದುಪ್ಪಟ್ಟು, 8.33. ನೀವು ನೋಡಿದ 8 ಇದು. ತಿರುಗಿದ 4.17 ಚಿಪ್ ಹತ್ತಿರ ಬರುತ್ತೆ. ಅಲ್ಲಿ 10 ಓಮ್ಸ್, ಅಂದ್ರೆ 10ರಿಂದ 50 ಕಳೆದು 60ರಿಂದ ಭಾಗಿಸಿದ್ರೆ ಮೈನಸ್ ಮೂರರಲ್ಲಿ ಎರಡು. ಹಾಗಾಗಿ 2.78 ವೋಲ್ಟ್ ತಲೆಕೆಳಗಾಗಿ ಮತ್ತೆ ದೂರದ ತುದಿಗೆ ಹೊರಡುತ್ತೆ. ಅಲ್ಲಿ ಅದೂ ದುಪ್ಪಟ್ಟು, 5.56 ಕಳೀರಿ, 2.78 ಉಳಿಯಿತು. ಮುಂದಿನ ಸುತ್ತಿನಲ್ಲಿ 3.70 ಕೂಡಿಸಿ, 6.48. ಮುಂದೆ 2.47 ಕಳೀರಿ, 4.01. ನಿಮ್ಮ 8, 3, ಆರೂವರೆ, 4 ಎಲ್ಲಾ ಬಂತಲ್ವಾ? ಪ್ರತಿ ಸುತ್ತಿಗೆ 200 ನ್ಯಾನೋಸೆಕೆಂಡ್, ಒಂದು ಏರಿಗೆ ಒಂದು ಇಳಿ, ಒಟ್ಟು 400.

ಎನರ್ಜಿ ಎಲ್ಲಿಂದಲೋ ಉದುರಿ ಬಂದಿಲ್ಲ. ಹೊರಟ ಅಲೆಯಲ್ಲಿ 83 ಮಿಲಿಆಂಪ್ ಕರೆಂಟ್ ಇತ್ತು, ಅದು ತುದಿಯಲ್ಲಿ ನಿಲ್ಲಲೇಬೇಕಾದಾಗ ವೋಲ್ಟೇಜ್ ಆಯ್ತು. ಆದರೆ ತಮ್ಮಾ, ಆಚೆ ತುದಿಯಲ್ಲಿ ಸ್ಕೋಪ್ ಬದಲು ಇನ್ನೊಂದು ಚಿಪ್ ಇಟ್ಟಿದ್ರೆ ಅದಕ್ಕೆ ಈ 8 ವೋಲ್ಟ್ ಹಿತ ಅಲ್ಲ. ಇಳಿಯುವ ಅಂಚಿನಲ್ಲಿ ಸೊನ್ನೆಗಿಂತ ಮೂರು ವೋಲ್ಟ್ ಕೆಳಗೂ ಹೋಗುತ್ತೆ. ಐದೂ ಗೇಟ್‌ಗೆ ಒಂದೊಂದು 220 ಓಮ್ಸ್ ಹಾಕಿ, ಆಮೇಲೆ ಒಟ್ಟಿಗೆ ಸೇರಿಸಿ. 220ರ ಐದನೇ ಒಂದು ಪಾಲು 44, ಚಿಪ್‌ನ 10 ಸೇರಿ ಸುಮಾರು 54 ಆಗುತ್ತೆ. ಸಪ್ಲೈ ಪಿನ್ ಪಕ್ಕದಲ್ಲೇ 100 ನ್ಯಾನೋಫ್ಯಾರಡ್ ಇರಲಿ.

ನೆಟ್‌ವರ್ಕ್_ಅಜ್ಜ

ಇದನ್ನೆಲ್ಲಾ ಓದಿ ಹಳೇ ದಿನ ನೆನಪಾಯ್ತು. ಆಫೀಸಿನಲ್ಲಿ ಇದೇ ಆರ್‌ಜಿ-58ನಲ್ಲಿ ನೆಟ್‌ವರ್ಕ್ ಇತ್ತು, 10ಬೇಸ್2. ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಟೀ ಹಾಕಿಕೊಂಡು ಹೋಗೋದು, ಎರಡು ಕೊನೆಗೂ 50 ಓಮ್ಸ್ ಟೋಪಿ. ಯಾರೋ ಮೇಜು ಸರಿಸುವಾಗ ಒಂದು ಟೋಪಿ ಕಳಚಿದ್ರೆ ಮೂವತ್ತು ಕಂಪ್ಯೂಟರೂ ಒಟ್ಟಿಗೆ ಮಲಗ್ತಿದ್ವು. ಪ್ರತಿಫಲನ ಬಂದು ಸಿಗ್ನಲ್ ಕಲಸಿಹೋಗುತ್ತೆ ಅಂತ ನಾವು ಹೇಳ್ತಿದ್ವಿ.

ಹಳೇತಂತಿ

ಪ್ರತಿಫಲನವೂ ಹೌದು, ಅದರ ಜೊತೆ ಇನ್ನೊಂದೂ ಇದೆ. ಆ ಕಾರ್ಡ್‌ಗಳು ಕೇಬಲ್‌ಗೆ ವೋಲ್ಟೇಜ್ ಅಲ್ಲ, ಕರೆಂಟ್ ತಳ್ತಿದ್ವು. ಎರಡು ಟೋಪಿ ಸೇರಿ 25 ಓಮ್ಸ್. ಒಂದು ಕಳಚಿದ್ರೆ 50, ಅದೇ ಕರೆಂಟಿಗೆ ವೋಲ್ಟೇಜ್ ದುಪ್ಪಟ್ಟು. ಇಬ್ಬರು ಒಟ್ಟಿಗೆ ಮಾತಾಡಿದ್ರೂ ಅಷ್ಟೇ ಆಗೋದು, ಕಾರ್ಡ್ ಡಿಕ್ಕಿ ಗುರುತಿಸ್ತಿದ್ದದ್ದೇ ಹಾಗೆ. ಹಾಗಾಗಿ ಒಬ್ಬನೇ ಮಾತಾಡಿದ್ರೂ ಅದು ಡಿಕ್ಕಿ ಆಯ್ತು ಅಂತ ತಿಳಿದು ಸುಮ್ಮನಾಗ್ತಿತ್ತು.

ಲ್ಯಾಬ್_ಹುಡುಗ

220 ಹಾಕಿದೆ ಮೇಡಂ, ಕುಣಿತ ನಿಂತಿತು. ಈಗ ಚಾನೆಲ್ 1ರ ಅಂಚು ತುಂಬಾ ಚೂಪಾಗಿದೆ, ನನ್ನ 100 ಮೆಗಾಹರ್ಟ್ಸ್ ಸ್ಕೋಪ್‌ಗೆ ಇದಕ್ಕಿಂತ ಬೇಗದ್ದು ಕಾಣಲ್ಲ. ಆದರೆ ಮೆಟ್ಟಿಲಿನ ಮೇಲೆ ಮುಂಚೆ ಇಲ್ಲದ ಒಂದು ಸಣ್ಣ ಕುಳಿ ಕಾಣ್ತಿದೆ. 2.5ರಲ್ಲಿ ಮಟ್ಟಸವಾಗಿ ಹೋಗ್ತಾ ಅಂಚಿನಿಂದ 130 ನ್ಯಾನೋಸೆಕೆಂಡ್ ಆದಮೇಲೆ ಒಂದು ಚೂರು ಇಳಿದು ಮತ್ತೆ ಏರುತ್ತೆ. ಸರ್ಕ್ಯೂಟಿನ ತಪ್ಪಾ?

ಹಳೇತಂತಿ

ಕೇಬಲ್ ತಿರುಗಿಸಿ ಹಾಕಿ, ಆಚೆ ತುದಿ ಈಚೆಗೆ. ಕುಳಿ 130ರಲ್ಲೇ ನಿಂತರೆ ಸರ್ಕ್ಯೂಟು. ಜಾಗ ಬದಲಾಯಿಸಿದ್ರೆ ಕೇಬಲ್.

ಲ್ಯಾಬ್_ಹುಡುಗ

ತಿರುಗಿಸಿದೆ. ಈಗ 70ರಲ್ಲಿ ಬಂತು.

ಹಳೇತಂತಿ

130 ಮತ್ತು 70, ಸೇರಿ 200. ಹಾಗಾದ್ರೆ ಅದು ಕೇಬಲ್‌ನಲ್ಲೇ ಇದೆ. ಹೋಗಿ ಬರೋಕೆ ಮೀಟರ್‌ಗೆ 10 ನ್ಯಾನೋಸೆಕೆಂಡ್, ಹಾಗಾಗಿ ಮೊದಲು ಜೋಡಿಸಿದ್ದ ತುದಿಯಿಂದ 13 ಮೀಟರ್. ಕೆಳಗೆ ಇಳಿದಿದೆ ಅಂದ್ರೆ ಅಲ್ಲಿ ಇಂಪೀಡನ್ಸ್ 50ಕ್ಕಿಂತ ಕಡಿಮೆ. ನಡುವಿನ ತಂತಿ ಮತ್ತು ಶೀಲ್ಡ್ ನಡುವಿನ ಅಂತರ ತಗ್ಗಿದ್ರೆ ಹಾಗಾಗುತ್ತೆ, ಕೆಪ್ಯಾಸಿಟನ್ಸ್ ಜಾಸ್ತಿ ಆಗಿ Z0 ಇಳಿಯುತ್ತೆ. ಅಂದ್ರೆ ಕೇಬಲ್ ಜಜ್ಜಿದೆ. ಮೇಲಕ್ಕೆ ಉಬ್ಬಿದ್ದಿದ್ರೆ ಶೀಲ್ಡ್ ಎಲ್ಲೋ ಬಿಚ್ಚಿಕೊಂಡಿದೆ ಅಂತ ಹುಡುಕಬೇಕಿತ್ತು. ಹಳೇ ಜನರೇಟರ್‌ನಲ್ಲಿ ಇದು ಕಾಣಿಸ್ತಿರಲಿಲ್ಲ, ಯಾಕಂದ್ರೆ ಜಜ್ಜಿದ ಜಾಗ ಒಂದು ಗೇಣೂ ಇರಲ್ಲ, 20 ನ್ಯಾನೋಸೆಕೆಂಡ್ ಅಂಚಿನೊಳಗೆ ಅದು ಮುಚ್ಚಿಹೋಗುತ್ತೆ.

ಕೇಬಲ್_ಮಂಜ

ನೀರು ಹೋಗಿದ್ರೂ ಹಾಗೇ ಆಗುತ್ತೆ ಅಲ್ವಾ ಸರ್? ನಮ್ಮಲ್ಲಿ ಕಂಬದ ಮೇಲೆ ಜಾಯಿಂಟ್‌ನಲ್ಲಿ ನೀರು ಇಳಿದು ಎಷ್ಟೋ ಕೇಬಲ್ ಹೋಗಿವೆ.

ಹಳೇತಂತಿ

ಆಗುತ್ತೆ ಮಂಜಣ್ಣ. ನೀರಿದ್ರೆ ಸಾಮಾನ್ಯವಾಗಿ ಉದ್ದಕ್ಕೆ ಹರಡಿರುತ್ತೆ, ಕುಳಿ ಅಗಲವಾಗಿ ಬರುತ್ತೆ. ಇಷ್ಟು ಚಿಕ್ಕದ್ದು ಅಂದ್ರೆ ನಾನು ಜಜ್ಜಿದ್ದು ಅಂತಲೇ ಹೇಳ್ತೀನಿ, ಆದರೆ ಪಂದ್ಯ ಕಟ್ಟಲ್ಲ.

ಲ್ಯಾಬ್_ಹುಡುಗ

ಟೇಪ್ ಹಿಡಿದು 13 ಮೀಟರ್ ಅಳೆದೆ. ಅಲ್ಲಿ ಸುರುಳಿಗೆ ಕಬ್ಬಿಣದ ತಂತಿ ಸುತ್ತಿ ಬಿಗಿದಿದ್ದಾರೆ. ಬಿಚ್ಚಿದೆ. ಹೊರಗಿನ ಕಪ್ಪು ಹೊದಿಕೆ ಮೇಲೆ ಒತ್ತಿದ ಗುರುತಿದೆ, ಬೆರಳಾಡಿಸಿದ್ರೆ ತಗ್ಗು ಗೊತ್ತಾಗುತ್ತೆ. ಆದರೆ ಬಿಚ್ಚಿದ ಮೇಲೂ ಕುಳಿ ಹಾಗೇ ಇದೆ.

ಸವಿತಾ_ಇಸಿ

ಒಳಗಿನ ಪಾಲಿಥೀನ್ ವರ್ಷಗಟ್ಟಲೆ ಒತ್ತಿಸಿಕೊಂಡಿದ್ರೆ ಮತ್ತೆ ಮೊದಲಿನ ಆಕಾರಕ್ಕೆ ಬರಲ್ಲ. ನಡುವಿನ ತಂತಿ ಒಂದು ಕಡೆ ಸರಿದಿರಲೂಬಹುದು. ಅದೇ ತಂತಿ ಬೇರೆ ಕಡೆಯೂ ಕಟ್ಟಿದ್ರಾ? ಅಲ್ಲೆಲ್ಲಾ ಯಾಕೆ ಕುಳಿ ಇಲ್ಲ?

ಲ್ಯಾಬ್_ಹುಡುಗ

ಇನ್ನೂ ಮೂರು ಕಡೆ ಕಟ್ಟಿತ್ತು ಮೇಡಂ, ಅಲ್ಲೂ ಗುರುತಿದೆ, ಸ್ಕೋಪ್‌ನಲ್ಲಿ ಮಾತ್ರ ಏನೂ ಕಾಣಲ್ಲ. ಅದೇ ಅರ್ಥ ಆಗ್ತಿಲ್ಲ. 13ನೇ ಮೀಟರ್‌ನಲ್ಲಿ ಕತ್ತರಿಸಿ ನೋಡೋಣ ಅಂದ್ರೆ ಕೇಬಲ್ ಸ್ಟೋರ್‌ದು, ಅಟೆಂಡರ್ ಅಣ್ಣ ರಿಜಿಸ್ಟರ್‌ನಲ್ಲಿ 20 ಮೀಟರ್ ಅಂತ ಬರೆದುಕೊಂಡೇ ಕೊಟ್ಟಿದ್ದಾರೆ.

ಕೇಬಲ್_ಮಂಜ

13 ಮತ್ತು 7, ಸೇರಿ 20 ತಾನೇ ತಮ್ಮಾ, ರಿಜಿಸ್ಟರ್‌ಗೆ ಲೆಕ್ಕ ಸರಿ ಹೋಗುತ್ತೆ.